ಘೋಷಣೆಯಾಗದ ಕೇರಿಗೆ ಯಾವ ಕಚೇರಿ?

ಪ್ರಶ್ನೆ: ಸರ್, ಕಾರವಾರದ ಅಂಚಿನಲ್ಲಿ ನಮ್ಮದು 58 ಮನೆಗಳ ಕೇರಿ. ಬೋಟಿನ ಕೂಲಿಗೆ ಹೋಗುವವರು, ಪೌರಕಾರ್ಮಿಕರು, ಗಾರೆ ಕೆಲಸದವರು ಇದ್ದೇವೆ. ಎರಡು ವರ್ಷಗಳ ಹಿಂದೆ ಸ್ಲಂ ಬೋರ್ಡಿನವರು ಬಂದು ಮನೆ ಮನೆ ಬರೆದುಕೊಂಡು ಹೋದರು. ಈಗ ಕೇಳಿದರೆ ‘ನಿಮ್ಮ ಕೇರಿ ಘೋಷಣೆಯಾಗಿಲ್ಲ’ ಎನ್ನುತ್ತಾರೆ. ನಗರಸಭೆಗೆ ಹೋದರೆ ‘ಅದು ಬೋರ್ಡಿಗೆ ಬಿಟ್ಟ ವಿಷಯ’ ಎನ್ನುತ್ತಾರೆ. ನಾವು ಕರ ಕಟ್ಟುತ್ತೇವೆ, ರಸೀದಿ ಇದೆ. ಮನೆ ಯಾರು ಕೊಡುತ್ತಾರೆ, ಹಕ್ಕುಪತ್ರ ಯಾರು ಕೊಡುತ್ತಾರೆ, ಚರಂಡಿ ಯಾರದು? ಮೊದಲು ಯಾರ ಬಾಗಿಲು ತಟ್ಟಬೇಕು?

ಉತ್ತರ: ಮೊದಲು ತಟ್ಟಬೇಕಾದದ್ದು ನೀವು ಹೆಸರಿಸಿದ ಎರಡೂ ಬಾಗಿಲುಗಳನ್ನಲ್ಲ. ತಹಶೀಲ್ದಾರರ ಕಚೇರಿಗೆ ಹೋಗಿ, ನಿಮ್ಮ ಕೇರಿ ನಿಂತಿರುವ ನೆಲದ ಪಹಣಿ ತೆಗೆಸಿ. ಊರೊಳಗಿನ ಜಾಗವಾಗಿದ್ದು ಸಿಟಿ ಸರ್ವೆಗೆ ಒಳಪಟ್ಟಿದ್ದರೆ ನಗರ ಮಾಪನ ಕಚೇರಿಯಲ್ಲಿ ಆ ಸಿ.ಟಿ.ಎಸ್. ನಂಬರಿನ ಆಸ್ತಿ ಪತ್ರ ಸಿಗುತ್ತದೆ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದುದರ ಗುರುತು ಅದು. ನೆಲ ಯಾರ ಹೆಸರಿನಲ್ಲಿದೆ ಎಂಬುದು ಗೊತ್ತಾಗದೆ ಮುಂದಿನ ಯಾವ ಮಾತಿಗೂ ಅರ್ಥವಿಲ್ಲ. ಸ್ಥಳೀಯ ಸಂಸ್ಥೆಯ ಎಂಜಿನಿಯರಾಗಿ ಸೇವೆಯಲ್ಲಿದ್ದಾಗ ಇಂಥ ಕೇರಿಗಳಿಗೆ ಹೋಗಿ ನಾನು ಮೊದಲು ಕೇಳುತ್ತಿದ್ದುದೂ ಸರ್ವೆ ನಂಬರನ್ನೇ. ಹತ್ತರಲ್ಲಿ ಒಂಬತ್ತು ಕಡೆ ಅದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕರದ ರಸೀದಿಯನ್ನು ಮಾತ್ರ ಎಲ್ಲರೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿರುತ್ತಿದ್ದರು.

ಆ ರಸೀದಿಯ ವಿಷಯವನ್ನು ಮೊದಲು ಮುಗಿಸೋಣ. ನಗರಸಭೆ ಕರ ವಸೂಲಿ ಮಾಡಿದೆ ಎಂದ ಮಾತ್ರಕ್ಕೆ ನೆಲ ನಿಮ್ಮದಾಗುವುದಿಲ್ಲ. ಕರ ಬೀಳುವುದು ಕಟ್ಟಡ ಇದೆ ಎಂಬ ಕಾರಣಕ್ಕೆ. ಹಕ್ಕು ಹುಟ್ಟುವುದು ನೆಲದ ದಾಖಲೆಯಿಂದ. ಆದರೂ ಅದನ್ನು ಎಸೆಯಬೇಡಿ. ನೀವು ಅಲ್ಲಿ ಎಷ್ಟು ವರ್ಷಗಳಿಂದ ಇದ್ದೀರಿ ಎಂಬುದಕ್ಕೆ ಅದು ಸಾಕ್ಷಿ. ಹಳೆಯ ವಿದ್ಯುತ್ ಬಿಲ್ಲು, ಪಡಿತರ ಚೀಟಿ, ಮತದಾರರ ಪಟ್ಟಿಯ ಪುಟ, ಮಕ್ಕಳ ಶಾಲಾ ದಾಖಲೆಗಳ ಜೊತೆ ಅದೂ ಮುಂದೆ ಬೇಕಾಗುತ್ತದೆ.

ಪಹಣಿಯ 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ. ಅಲ್ಲಿ ‘ಸರ್ಕಾರ’ ಎಂದಿದ್ದರೆ ದಾರಿ ಹೆಚ್ಚುಕಡಿಮೆ ಸಲೀಸು. ನಗರಸಭೆಯ ಹೆಸರಿದ್ದರೆ ಕೌನ್ಸಿಲ್ ಸಭೆಯ ಠರಾವು ಬೇಕಾಗುತ್ತದೆ. ಖಾಸಗಿಯವರ ಹೆಸರಿದ್ದರೆ ಆ ನೆಲವನ್ನು ಭೂಸ್ವಾಧೀನ ಮಾಡಿಕೊಳ್ಳದೆ ಹಕ್ಕುಪತ್ರ ಸಾಧ್ಯವಿಲ್ಲ. ಕೊಳಚೆ ಪ್ರದೇಶಗಳ ಕಾಯ್ದೆಯ 17ನೇ ಕಲಮಿನಲ್ಲಿ ಸ್ವಾಧೀನಕ್ಕೆ ಅವಕಾಶವಿದೆ. ಆದರೆ ಪರಿಹಾರದ ಹಣ ಹುಡುಕಬೇಕು, ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಬಂದರು ಇಲಾಖೆ, ಹೆದ್ದಾರಿ, ರೈಲ್ವೆ ಎಂದಿದ್ದರೆ ಆ ಇಲಾಖೆ ಬಿಟ್ಟುಕೊಡದೆ ಜಿಲ್ಲಾಧಿಕಾರಿಯವರೂ ಏನನ್ನೂ ಮಾಡಲಾರರು. ‘ಅರಣ್ಯ’ ಎಂದಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಮುಕ್ಕಾಲು ಪಾಲು ಕಾಡೇ ಆಗಿರುವ ನಮ್ಮ ಜಿಲ್ಲೆಯಲ್ಲಿ ಈ ಕೊನೆಯದು ಅಪರೂಪದ ಸಂಗತಿಯಲ್ಲ. ಶಿರಸಿಯ ಕಡೆ ಒಂದೇ ಕೇರಿಯಲ್ಲಿ ರಸ್ತೆಯ ಈಚೆಗೆ ಕಂದಾಯ ಭೂಮಿ, ಆಚೆಗೆ ಅರಣ್ಯದ ಸರ್ವೆ ನಂಬರು ಇರುವುದನ್ನು ನಾನೇ ನೋಡಿದ್ದೇನೆ. ಈಚೆಗಿನ ಅಣ್ಣನಿಗೆ ಹಕ್ಕುಪತ್ರ ಬಂತು. ಆಚೆಗಿನ ತಮ್ಮನಿಗೆ ಇಂದಿಗೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಆದರೆ ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕು. ದುಡಿಮೆ ಅರಸಿ ಪೇಟೆಯ ಅಂಚಿಗೆ ಬಂದು ನೆಲೆನಿಂತವರಿಗೆ ಅದು ಎಟುಕದ ಹಣ್ಣು.

ಇನ್ನು ಘೋಷಣೆಯ ಮಾತು. ನಿಮಗೆ ಇದನ್ನು ಯಾರೂ ಬಿಡಿಸಿ ಹೇಳಿದಂತಿಲ್ಲ.

ಸ್ಲಂ ಬೋರ್ಡು, ಅಂದರೆ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿ, 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ ಕೂಸು. ಆ ಕಾಯ್ದೆಯ 3ನೇ ಕಲಮಿನಡಿ ಅಧಿಸೂಚನೆ ಹೊರಡಿಸಿ ‘ಇದು ಕೊಳಚೆ ಪ್ರದೇಶ’ ಎಂದು ಘೋಷಿಸಿದ ಕಡೆಗಳಲ್ಲಿ ಮಾತ್ರ ಮಂಡಳಿ ತನ್ನ ಹಣ ಸುರಿಯುತ್ತದೆ. ಕೇರಿ ಎಷ್ಟೇ ದುಸ್ಥಿತಿಯಲ್ಲಿರಲಿ, ಅಧಿಸೂಚನೆ ಇಲ್ಲದಿದ್ದರೆ ಮಂಡಳಿಯ ಎಂಜಿನಿಯರು ಅಂದಾಜುಪಟ್ಟಿ ಮಾಡುವಂತಿಲ್ಲ. ಮಾಡಿದರೂ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುತ್ತಾರೆ. ಹೀಗಾಗಿ ನಿಮಗೆ ಮಂಡಳಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ಘೋಷಣೆಗೆ ಪ್ರಸ್ತಾವನೆ ತಯಾರಿಸಬೇಕಾದವರು ಅವರೇ. ಎರಡು ವರ್ಷಗಳ ಹಿಂದೆ ನಿಮ್ಮಲ್ಲಿ ಬರೆದುಕೊಂಡು ಹೋದದ್ದು ಬಹುಶಃ ಅದಕ್ಕೇ. ಸಮೀಕ್ಷೆ, ನಕ್ಷೆ, ನೆಲದ ದಾಖಲೆ, ಸ್ಥಳೀಯ ಸಂಸ್ಥೆಯ ಅಭಿಪ್ರಾಯ ಎಲ್ಲ ಸೇರಿದ ಕಡತ ಜಿಲ್ಲಾಧಿಕಾರಿಯವರ ಮುಂದೆ ಹೋಗುತ್ತದೆ. ಆಕ್ಷೇಪಣೆಗಳನ್ನು ಕೇಳಿ, ಆಮೇಲೆ ರಾಜ್ಯಪತ್ರದಲ್ಲಿ ಪ್ರಕಟಣೆ. ನಿಮ್ಮ ಕಡತ ಈ ಸರಣಿಯಲ್ಲಿ ಎಲ್ಲಿ ನಿಂತಿದೆ ಎಂದು ಬಾಯಿಮಾತಿನಲ್ಲಿ ಕೇಳಬೇಡಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಒಂದು ಅರ್ಜಿ ಹಾಕಿ. ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಪ್ರಶ್ನೆ ಎರಡೇ ಇರಲಿ: ನಮ್ಮ ಸರ್ವೆ ನಂಬರಿನ ಕೇರಿಯ ಬಗ್ಗೆ ಸಮೀಕ್ಷಾ ವರದಿ ಇದ್ದರೆ ಪ್ರತಿ ಕೊಡಿ, ಘೋಷಣೆಯ ಪ್ರಸ್ತಾವನೆ ಯಾವ ದಿನಾಂಕದಂದು ಯಾವ ಕಚೇರಿಗೆ ಹೋಗಿದೆ ತಿಳಿಸಿ. ಹೆಚ್ಚು ಕೇಳಿದರೆ ಹೆಚ್ಚು ನೆಪ ಸಿಗುತ್ತದೆ.

ನನ್ನ ಅನುಭವದಲ್ಲಿ ಇಂಥ ಕಡತ ನಿಲ್ಲುವುದು ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯ ಅಭಿಪ್ರಾಯದ ಹಂತದಲ್ಲಿ. ನಗರಸಭೆಯ ಒಬ್ಬ ಗುಮಾಸ್ತರ ಮೇಜಿನ ಮೇಲೆ ‘ಅಭಿಪ್ರಾಯ ಕೋರಿ’ ಎಂಬ ಪತ್ರ ತಿಂಗಳುಗಟ್ಟಲೆ ಕೂತಿರುತ್ತದೆ. ಆ ಕಡತದ ಮಟ್ಟಿಗೆ ನಗರಸಭೆ ನಿಮಗೆ ಹೇಳಿದ ‘ಅದು ಬೋರ್ಡಿನದು’ ಎಂಬ ಉತ್ತರವೇ ಅಡ್ಡಗಾಲು.

ಅಡ್ಡಗಾಲು ಕೇರಿಯ ಒಳಗಿಂದಲೂ ಬರುತ್ತದೆ. ಕುಮಟಾ ಕಡೆಯ ಒಂದು ಕೇರಿಯಲ್ಲಿ ಆಕ್ಷೇಪಣೆ ಸಲ್ಲಿಸಿದವರು ಅಲ್ಲಿಯ ಮೂವರು ಹಿರಿಯರೇ. ‘ಕೊಳಗೇರಿ ಎಂದು ಗೆಜೆಟ್ಟಿನಲ್ಲಿ ಬಂದರೆ ಹೆಣ್ಣು ಕೊಡುವವರು ಯಾರು?’ ಎಂಬುದು ಅವರ ಮಾತು. ಅದನ್ನು ತಮಾಷೆಯೆಂದು ತಳ್ಳಿಹಾಕುವ ಹಾಗಿರಲಿಲ್ಲ. ಆ ಶಬ್ದವನ್ನು ಕಾಯ್ದೆಯಿಂದ ತೆಗೆಯಲು ನಮ್ಮಿಂದ ಆಗದು. ಕೇರಿಗೆ ಬೇರೆ ಹೆಸರು ಕೊಡಲು ಮಾತ್ರ ಅಡ್ಡಿಯಿಲ್ಲ. ಕೊನೆಗೆ ಅಧಿಸೂಚನೆಯಲ್ಲಿ ಅವರದೇ ದೇವಸ್ಥಾನದ ಹೆಸರಿನ ‘ನಗರ’ ಎಂದು ಬಂದ ಮೇಲೆ ಸಹಿ ಬಿತ್ತು. ಘೋಷಣೆಯಿಂದ ಸಿಗುವ ಇನ್ನೊಂದು ರಕ್ಷಣೆಯನ್ನು ಅವರಿಗೆ ವಿವರಿಸಿದ್ದೂ ಕೆಲಸಕ್ಕೆ ಬಂತು: ಘೋಷಿತ ಪ್ರದೇಶದ ವಾಸಿಗಳನ್ನು ನಿಗದಿತ ಪ್ರಾಧಿಕಾರದ ಅನುಮತಿ ಇಲ್ಲದೆ ಸುಮ್ಮನೆ ಒಕ್ಕಲೆಬ್ಬಿಸುವಂತಿಲ್ಲ.

ಈಗ ನಗರಸಭೆಗೆ ಬರೋಣ. ಘೋಷಣೆಯಾಗಲಿ ಆಗದಿರಲಿ, ಕುಡಿಯುವ ನೀರು, ಬೀದಿದೀಪ, ಚರಂಡಿ, ಕಸ ವಿಲೇವಾರಿ ನಗರಸಭೆಯದೇ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 87ನೇ ಕಲಮು ಅವುಗಳನ್ನು ಕಡ್ಡಾಯ ಕರ್ತವ್ಯ ಎನ್ನುತ್ತದೆ. ಸಂವಿಧಾನದ 74ನೇ ತಿದ್ದುಪಡಿ ತಂದ 12ನೇ ಅನುಸೂಚಿಯಲ್ಲಿ ಕೊಳಗೇರಿ ಸುಧಾರಣೆ ಎಂಬುದು ಹೆಸರಿಟ್ಟೇ ಸೇರಿದೆ. ಕಾಗದದ ಮೇಲೆ ಅದು ನಗರಾಡಳಿತದ ವಿಷಯ. ಹಣ, ಎಂಜಿನಿಯರುಗಳು ಮತ್ತು ಟೆಂಡರು ಮಾತ್ರ ರಾಜ್ಯದ ಮಂಡಳಿಯಲ್ಲೇ ಉಳಿದಿವೆ. ಈ ಇಬ್ಬಂದಿಯೇ ನಿಮ್ಮನ್ನು ಎರಡು ಕಚೇರಿಗಳ ನಡುವೆ ಚೆಂಡಾಗಿಸಿರುವುದು.

ನಗರಸಭೆಯ ಕೈಯಲ್ಲಿ ಹಣವೇ ಇಲ್ಲ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಅನುದಾನ ಮತ್ತು ಸ್ವಂತ ಆದಾಯದಲ್ಲಿ ಶೇ 24.10ನ್ನು ಪರಿಶಿಷ್ಟರಿಗೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಎಂದು ಮೀಸಲಿಡುವ ಪದ್ಧತಿ ಇದೆ. ಈ ಮೊತ್ತದ ಕ್ರಿಯಾಯೋಜನೆಯನ್ನು ಪ್ರತಿ ವರ್ಷ ಕೌನ್ಸಿಲ್ಲಿನಲ್ಲಿ ಒಪ್ಪಿಸಬೇಕು. ಪೌರಕಾರ್ಮಿಕರ ಮನೆಗಳಿರುವ ಕೇರಿಗೆ ಇದರಲ್ಲಿ ಬೀದಿಯ ಕಾಂಕ್ರೀಟು, ಶೌಚಾಲಯ, ನಳದ ಸಂಪರ್ಕ ಮಾಡಿಸಲು ಅಧಿಸೂಚನೆಯ ಹಂಗಿಲ್ಲ. ಕ್ರಿಯಾಯೋಜನೆ ಸಿದ್ಧವಾಗುವ ಮೊದಲೇ ನಿಮ್ಮ ವಾರ್ಡಿನ ಸದಸ್ಯರ ಕೈಗೆ ಅರ್ಜಿ ಸೇರಬೇಕು, ಅಷ್ಟೆ. ಯೋಜನೆ ಒಪ್ಪಿಗೆಯಾದ ಮೇಲೆ ಹೋದವರಿಗೆ ‘ಮುಂದಿನ ವರ್ಷ ನೋಡೋಣ’ ಎಂಬ ಮಾತೇ ಗತಿ.

ಮನೆಯ ವಿಷಯದಲ್ಲಿ ದಾರಿ ಎರಡು, ಹಣ ಬರುವ ಕಾಲುವೆಯೂ ಎರಡು. ಘೋಷಿತ ಕೇರಿಯಲ್ಲಿ ಮಂಡಳಿಯೇ ಗುತ್ತಿಗೆದಾರರನ್ನು ಇಟ್ಟು ಕಟ್ಟಿಸುತ್ತದೆ. ಘೋಷಣೆಯಾಗದ ಕಡೆ, ಕುಟುಂಬಕ್ಕೆ ನೆಲದ ದಾಖಲೆ ಇದ್ದರೆ, ಕುಟುಂಬವೇ ಕಟ್ಟಿಕೊಳ್ಳುತ್ತದೆ, ಸಹಾಯಧನ ಬ್ಯಾಂಕ್ ಖಾತೆಗೆ ಬರುತ್ತದೆ. ಎರಡನೆಯದನ್ನು ನಡೆಸುವುದು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹೆಸರಿನಲ್ಲಿ ಗ್ರಾಮೀಣ ಎಂದಿದ್ದರೂ ವಾಜಪೇಯಿ ನಗರ ವಸತಿ ಯೋಜನೆಯಂಥ ಪಟ್ಟಣದ ಯೋಜನೆಗಳೂ ಅದರ ಕೈಯಲ್ಲೇ ಇವೆ. ನಿಗಮ ಯಾರನ್ನೂ ಆಯ್ಕೆ ಮಾಡುವುದಿಲ್ಲ, ಒಂದು ಇಟ್ಟಿಗೆಯನ್ನೂ ಇಡುವುದಿಲ್ಲ. ಗುರಿ ಹಂಚುವುದು, ಆನ್‌ಲೈನ್ ದಾಖಲೆ ನೋಡಿಕೊಳ್ಳುವುದು, ಹಣ ಬಿಡುಗಡೆ ಮಾಡುವುದು ಅದರ ಕೆಲಸ. ಪಟ್ಟಣಗಳಲ್ಲಿ ಫಲಾನುಭವಿಗಳ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯದು. ಅರ್ಜಿ ಸ್ವೀಕರಿಸಿ ಪರಿಶೀಲಿಸಿ, ಕಟ್ಟಡದ ಹಂತ ಹಂತದ ಫೋಟೋ ತೆಗೆದು ಮೊಬೈಲ್‌ನಿಂದ ಏರಿಸುವುದು ನಗರಸಭೆಯ ಸಿಬ್ಬಂದಿ. ಕರ್ನಾಟಕ ಗೃಹ ಮಂಡಳಿ ಎಂಬ ಮೂರನೆಯ ಹೆಸರನ್ನೂ ನೀವು ಕೇಳಿರಬಹುದು. ಅದು ಬಡಾವಣೆ ಮಾಡಿ ನಿವೇಶನ, ಮನೆ ಮಾರುವ ಸಂಸ್ಥೆ. ನಿಮ್ಮ ಪ್ರಶ್ನೆಗೂ ಅದಕ್ಕೂ ಸಂಬಂಧವಿಲ್ಲ.

ಎರಡೂ ದಾರಿಗಳ ಲೆಕ್ಕವನ್ನು ಹತ್ತಿರದಿಂದ ನೋಡಿ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯಡಿ ಕೇಂದ್ರದ ಪಾಲು ಒಂದು ಮನೆಗೆ 1.5 ಲಕ್ಷ ರೂಪಾಯಿ. ರಾಜ್ಯ ಸಾಮಾನ್ಯ ವರ್ಗದವರಿಗೆ 1.2 ಲಕ್ಷ, ಪರಿಶಿಷ್ಟರಿಗೆ 2 ಲಕ್ಷ ಸೇರಿಸುತ್ತಾ ಬಂದಿದೆ. ಅಂದರೆ ನೀವೇ ಕಟ್ಟಿಕೊಂಡರೆ ಕೈಗೆ ಬರುವುದು 2.7 ಅಥವಾ 3.5 ಲಕ್ಷ. ಮನೆ 30 ಚದರ ಮೀಟರಿನದು ಎಂದುಕೊಳ್ಳಿ, ಅಂದರೆ ಸುಮಾರು 323 ಚದರ ಅಡಿ. ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೂ ಮನೆಗೆ ಆರೂವರೆ ಲಕ್ಷದ ಹತ್ತಿರ ಬೇಕು. ಸಾಮಾನ್ಯ ವರ್ಗದ ಬೋಟಿನ ಕೂಲಿಯವನು ಮೂರೂಮುಕ್ಕಾಲು ಲಕ್ಷವನ್ನು ಎಲ್ಲಿಂದಾದರೂ ಹೊಂದಿಸಬೇಕು. ಹಣವೂ ಒಮ್ಮೆಗೇ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಮುಗಿದು ಫೋಟೋ ಏರಿದ ಮೇಲೆ ಕಂತು. ಮೊದಲ ತಳಪಾಯವನ್ನು ಸಾಲದಲ್ಲೇ ಹಾಕಬೇಕಾಗುತ್ತದೆ.

ಮಂಡಳಿ ಕಟ್ಟಿಸುವ ಮನೆಯ ಘಟಕ ವೆಚ್ಚ ಏಳೂವರೆ ಲಕ್ಷದ ಆಸುಪಾಸು. ಕೇಂದ್ರ, ರಾಜ್ಯದ ಪಾಲು ಕಳೆದು ಉಳಿದ ನಾಲ್ಕೂವರೆ ಲಕ್ಷದಷ್ಟನ್ನು ಫಲಾನುಭವಿ ತರಬೇಕೆಂಬ ನಿಯಮ ವರ್ಷಗಟ್ಟಲೆ ಇತ್ತು. ಯಾರೂ ತರಲಿಲ್ಲ, ತರಲು ಸಾಧ್ಯವೂ ಇರಲಿಲ್ಲ. ಬ್ಯಾಂಕುಗಳು ಹಕ್ಕುಪತ್ರವಿಲ್ಲದವರಿಗೆ ಸಾಲ ಕೊಡಲಿಲ್ಲ. ಗುತ್ತಿಗೆದಾರರು ಲಿಂಟಲ್ ಮಟ್ಟಕ್ಕೆ ಕೆಲಸ ನಿಲ್ಲಿಸಿ ಹೋದರು. ರಾಜ್ಯದಲ್ಲಿ ಸಾವಿರಾರು ಮನೆಗಳು ಹೀಗೆ ನಿಂತ ಮೇಲೆ, 2023ರ ಡಿಸೆಂಬರ್‌ನಲ್ಲಿ ಸರ್ಕಾರ ಫಲಾನುಭವಿ ಒಂದು ಲಕ್ಷ ಕೊಟ್ಟರೆ ಸಾಕು, ಉಳಿದದ್ದನ್ನು ತಾನೇ ಭರಿಸುವುದಾಗಿ ತೀರ್ಮಾನಿಸಿತು. ಆಗ ಮಂಜೂರಾಗಿದ್ದ ಮನೆಗಳಿಗಾಗಿ ಆದ ತೀರ್ಮಾನ ಅದು. ನಿಮ್ಮ ಕೇರಿ ನಾಳೆ ಘೋಷಣೆಯಾದರೆ ತಾನಾಗಿಯೇ ನಿಮಗೂ ಅನ್ವಯಿಸುತ್ತದೆ ಎಂದು ಲೆಕ್ಕ ಹಾಕಬೇಡಿ. 2024ರಲ್ಲಿ ಬಂದ ಆವಾಸ್ ಯೋಜನೆಯ ಎರಡನೆಯ ಆವೃತ್ತಿಯಲ್ಲಿ ಮೊದಲಿನ ‘ಇದ್ದಲ್ಲೇ ಕೊಳಗೇರಿ ಪುನರಭಿವೃದ್ಧಿ’ ಎಂಬ ವಿಭಾಗವೇ ಇಲ್ಲ. ಹಾಗಾಗಿ ಹೊಸದಾಗಿ ಅರ್ಜಿ ಹಾಕುವವರಿಗೆ ಹಕ್ಕುಪತ್ರದ ಬೆಲೆ ಮೊದಲಿಗಿಂತ ಹೆಚ್ಚಾಗಿದೆ. ದಾಖಲೆ ಇದ್ದವನಿಗೆ ಸ್ವಂತ ಕಟ್ಟಿಕೊಳ್ಳುವ ದಾರಿ ಯಾವಾಗಲೂ ತೆರೆದಿರುತ್ತದೆ. ಇಲ್ಲದವನು ಯಾವುದೋ ಯೋಜನೆ ತನ್ನ ಕೇರಿಗೆ ಬರುವುದನ್ನು ಕಾಯಬೇಕು.

ಹಾಗಾದರೆ ಹಕ್ಕುಪತ್ರ ಯಾರು ಕೊಡುತ್ತಾರೆ? ಘೋಷಿತ ಕೇರಿಯಾದರೆ ಮಂಡಳಿ. ಅಲ್ಲದಿದ್ದರೆ, ಸರ್ಕಾರಿ ಕಂದಾಯ ಭೂಮಿಯಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94-ಸಿಸಿ ಕಲಮಿನಡಿ ತಹಶೀಲ್ದಾರರು. ಹಳ್ಳಿಗೆ 94-ಸಿ, ಪಟ್ಟಣಕ್ಕೆ 94-ಸಿಸಿ. ಮಂಡಳಿ, ತಹಶೀಲ್ದಾರರು ಎಂದು ಎರಡು ಕಡೆಯೂ ಕುಟುಂಬದ ಹೆಸರಿನಲ್ಲಿ ಅರ್ಜಿ ಹಾಕಿ ಗೊಂದಲ ಮಾಡಿಕೊಂಡವರನ್ನು ಕಂಡಿದ್ದೇನೆ. ಒಂದು ಕಡತದಲ್ಲಿ ‘ಇನ್ನೊಂದು ಕಡೆ ವಿಚಾರಣೆಯಲ್ಲಿದೆ’ ಎಂದು ಷರಾ ಬಿದ್ದರೆ ಎರಡೂ ನಿಲ್ಲುತ್ತವೆ. ನೆಲದ ದಾಖಲೆ ನೋಡಿದ ಮೇಲೆ ಇಡೀ ಕೇರಿ ಒಟ್ಟಿಗೆ ಕೂತು ಒಂದು ದಾರಿಯನ್ನು ಆರಿಸಿಕೊಳ್ಳಿ.

ಇಷ್ಟು ಹೇಳಿದ ಮೇಲೆ ಒಂದು ಕೇರಿಯ ಕಥೆ ಹೇಳುತ್ತೇನೆ. ಕರಾವಳಿಯ ಒಂದು ಪೇಟೆ, ಹೆಸರು ಬೇಡ. ನಾನು ಅಲ್ಲಿಯ ಸ್ಥಳೀಯ ಸಂಸ್ಥೆಯ ಎಂಜಿನಿಯರು. 46 ಮನೆಗಳ ಕೇರಿ ಘೋಷಣೆಯಾಗಿ, ರಾಜ್ಯದ ಸಂಸ್ಥೆಯೊಂದು ಅಲ್ಲಿ ಕಾಂಕ್ರೀಟು ರಸ್ತೆ, ಚರಂಡಿ ಮಾಡಿಸಿತು. ಕೆಲಸ ಕೆಟ್ಟದ್ದಾಗಿರಲಿಲ್ಲ. 180 ಮೀಟರ್ ಉದ್ದದ ಚರಂಡಿಗೆ ಇನ್ನೂರಕ್ಕೆ ಒಂದರ ಇಳಿಜಾರು ಕೊಟ್ಟಿದ್ದರು, ಪುಸ್ತಕದಲ್ಲಿರುವಂತೆಯೇ. ಹಾಗೆಂದರೆ ಚರಂಡಿಯ ತಲೆಯಿಂದ ಬಾಲಕ್ಕೆ 90 ಸೆಂಟಿಮೀಟರ್ ಇಳಿತ. ಅದು ಸೇರಬೇಕಾದ ನಮ್ಮ ದೊಡ್ಡ ಚರಂಡಿಯ ತಳ ಮಾತ್ರ ಆ ತಲೆಗಿಂತ ಕೇವಲ 55 ಸೆಂಟಿಮೀಟರ್ ಕೆಳಗಿತ್ತು. ಬಾಲ ನಮ್ಮ ಚರಂಡಿಗಿಂತ 35 ಸೆಂಟಿಮೀಟರ್ ಆಳದಲ್ಲಿ ಕೂತಿತು. ಬೇಸಿಗೆಯಲ್ಲಿ ಉದ್ಘಾಟನೆಯ ದಿನ ಯಾರ ಕಣ್ಣಿಗೂ ಬೀಳಲಿಲ್ಲ. ನೀರೇ ಇರಲಿಲ್ಲವಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿದಾಗ ಗೊತ್ತಾಯಿತು. ಕೊನೆಯ ಒಂಬತ್ತು ಮನೆಗಳ ಮುಂದೆ ಕಪ್ಪು ನೀರು ಮಡುಗಟ್ಟಿತು. ಅಮಾವಾಸ್ಯೆಯ ಭರತದ ದಿನ ಖಾಡಿಯ ಉಪ್ಪುನೀರು ದೊಡ್ಡ ಚರಂಡಿಯಿಂದ ಹಿಂದೆ ತಳ್ಳಿ ಬಂದು ಒಂದು ಮನೆಯ ಹೊಸ್ತಿಲು ದಾಟಿತು. ಆ ಮನೆಯ ಅಜ್ಜಿ ಒಲೆಯ ಪಕ್ಕದ ಅಕ್ಕಿ ಡಬ್ಬವನ್ನು ಮಂಚದ ಮೇಲಿಟ್ಟು ಕಾಲೆತ್ತಿ ಕೂತಿದ್ದರು. ನನ್ನನ್ನು ಕಂಡು ಬೈಯಲೂ ಇಲ್ಲ. ‘ಚರಂಡಿ ಇಲ್ಲದಾಗ ನೀರು ಅಂಗಳದಿಂದ ಹೋಗುತ್ತಿತ್ತು, ಈಗ ಅಂಗಳಕ್ಕೇ ಬರುತ್ತದೆ’ ಎಂದರು.

ಚರಂಡಿಯನ್ನು ನಮಗೆ ಹಸ್ತಾಂತರಿಸುವ ಪತ್ರ ಅಷ್ಟರಲ್ಲಿ ಬಂದಿತ್ತು. ನಾನು ಸಹಿ ಹಾಕಲಿಲ್ಲ. ದೋಷವಿರುವ ಕಾಮಗಾರಿಯನ್ನು ವಹಿಸಿಕೊಂಡರೆ ನಾಳೆ ಉತ್ತರ ಕೊಡಬೇಕಾದವನು ನಾನು ಎಂಬುದು ನನ್ನ ವಾದ. ಅಂದಾಜುಪಟ್ಟಿಯಂತೆ ಕೆಲಸ ಮುಗಿದಿದೆ ಎಂಬುದು ಅವರ ವಾದ. ಇಬ್ಬರೂ ಕಾಗದದ ಮೇಲೆ ಸರಿಯೇ. ಹಸ್ತಾಂತರ ಆಗದ ಕಾರಣ ಎರಡು ಮಳೆಗಾಲ ಆ ಚರಂಡಿಯ ಹೂಳು ತೆಗೆಯಲು ಯಾರೂ ಹೋಗಲಿಲ್ಲ. ನಮ್ಮವರಿಗೆ ಅದು ನಮ್ಮದಲ್ಲ, ಅವರಿಗೆ ನಿರ್ವಹಣೆಯ ಜನವೇ ಇಲ್ಲ. ಇಂದು ಹಿಂತಿರುಗಿ ನೋಡಿದರೆ, ಸಹಿ ಹಾಕದಿದ್ದುದಕ್ಕಿಂತ, ಕೆಲಸ ಶುರುವಾಗುವ ಮೊದಲು ನೆಲದ ಮಟ್ಟ ಅಳೆಯುವ ಡಂಪಿ ಲೆವೆಲ್ ಹೊತ್ತುಕೊಂಡು ನಾನೇ ಅಲ್ಲಿಗೆ ಹೋಗದಿದ್ದುದು ದೊಡ್ಡ ತಪ್ಪು. ಅವರ ಎಂಜಿನಿಯರು ಮತ್ತು ನಾನು ಅರ್ಧ ದಿನ ಒಟ್ಟಿಗೆ ನಿಂತಿದ್ದರೆ 35 ಸೆಂಟಿಮೀಟರ್ ಅಂದೇ ಸಿಗುತ್ತಿತ್ತು. ನಾನೂರಕ್ಕೆ ಒಂದರ ಇಳಿಜಾರು ಇಟ್ಟು ಚರಂಡಿಯನ್ನು ತುಸು ಅಗಲ ಮಾಡಿದ್ದರೆ ಇಳಿತ 45 ಸೆಂಟಿಮೀಟರಿಗೆ ನಿಲ್ಲುತ್ತಿತ್ತು. ಆಗಾಗ ಹೂಳು ತೆಗೆಯಬೇಕಾಗುತ್ತಿತ್ತು, ನೀರು ಮಾತ್ರ ಹೊರಗೆ ಹೋಗುತ್ತಿತ್ತು. ಕೊನೆಗೆ ಮೂರನೆಯ ವರ್ಷ ನಮ್ಮ ಅನುದಾನದಲ್ಲೇ ದೊಡ್ಡ ಚರಂಡಿಯನ್ನು ಮೋರಿಯವರೆಗೆ ಆಳ ಮಾಡಿ, ಬಾಯಿಗೆ ಭರತದ ನೀರು ತಡೆಯುವ ಹಲಗೆ ಬಾಗಿಲು ಇಟ್ಟೆವು.

ನಿಮ್ಮ ಕೇರಿಗೂ ಇದು ಬಾಧಿಸುತ್ತದೆ. ಮಂಡಳಿ ಕಟ್ಟಿಸಿದರೂ ನಿರ್ವಹಿಸಬೇಕಾದದ್ದು ನಗರಸಭೆ. ಆದ್ದರಿಂದ ಅಂದಾಜುಪಟ್ಟಿ ತಯಾರಾಗುವ ಮೊದಲೇ ಎರಡೂ ಕಚೇರಿಗಳ ಎಂಜಿನಿಯರುಗಳ ಜಂಟಿ ಸ್ಥಳ ಪರಿಶೀಲನೆಗೆ ಲಿಖಿತವಾಗಿ ಒತ್ತಾಯಿಸಿ. ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರು ಜಿಲ್ಲಾಧಿಕಾರಿ ಕಚೇರಿಯಲ್ಲೇ ಇರುತ್ತಾರೆ. ಸ್ಥಳೀಯ ಸಂಸ್ಥೆಗಳ ಮೇಲ್ವಿಚಾರಣೆ ಅವರದು. ಇಬ್ಬರನ್ನೂ ಒಂದೇ ದಿನ ಒಂದೇ ಜಾಗಕ್ಕೆ ಕರೆಸುವ ಬಲ ಇರುವ ಕುರ್ಚಿ ಅದು. ಪರಿಶೀಲನೆಗೆ ಬಂದವರಿಗೆ ನೀವು ಕೇಳಬೇಕಾದ ಪ್ರಶ್ನೆ ಇದು: ‘ಈ ಚರಂಡಿಯ ನೀರು ಕೊನೆಗೆ ಯಾವ ಮೋರಿಗೆ ಬೀಳುತ್ತದೆ, ಅದರ ತಳ ನಮ್ಮದಕ್ಕಿಂತ ಎಷ್ಟು ಕೆಳಗಿದೆ?’ ಸಂಖ್ಯೆಯಲ್ಲಿ ಉತ್ತರ ಬಾರದಿದ್ದರೆ ಅವರು ಲೆವೆಲ್ ತೆಗೆದಿಲ್ಲ ಎಂದೇ ತಿಳಿಯಿರಿ.

ಕರಾವಳಿಯ ಮಳೆಗೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆ, ಮನೆಯ ಬಗ್ಗೆ. ಮಂಡಳಿ ಮನೆ ಕಟ್ಟುವಾಗ ಹಳೆಯ ಮನೆ ಕೆಡವಿ ಅದೇ ಜಾಗದಲ್ಲಿ ಕಟ್ಟುತ್ತದೆ. ಗುತ್ತಿಗೆದಾರರಿಗೆ ಇಡೀ ಸಾಲನ್ನು ಒಮ್ಮೆಗೇ ಕೆಡವುವುದು ಅನುಕೂಲ. ಫೆಬ್ರವರಿಯಲ್ಲಿ ಕೆಡವಿದ ಮನೆಗೆ ಮೇ ಒಳಗೆ ಛಾವಣಿ ಬೀಳದಿದ್ದರೆ ಆ ಕುಟುಂಬ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಡಪತ್ರಿಯ ಕೆಳಗೆ ಇರಬೇಕು, ಇಲ್ಲವೇ ಬಾಡಿಗೆ ಕಟ್ಟಬೇಕು. ಬಾಡಿಗೆಯ ಹಣ ಯೋಜನೆಯಲ್ಲಿ ಇರುವುದಿಲ್ಲ. ಹತ್ತು ಮನೆಗಳ ಕಂತಿನಲ್ಲಿ ಕೆಲಸ ನಡೆಯಲಿ, ಒಂದು ಕಂತಿಗೆ ಛಾವಣಿ ಬಿದ್ದ ಮೇಲೆ ಮುಂದಿನದನ್ನು ಕೆಡವಲಿ ಎಂದು ಮೊದಲೇ ಬರೆಸಿಕೊಳ್ಳಿ. ಜನವರಿ ದಾಟಿದ ಮೇಲೆ ಹೊಸದಾಗಿ ಯಾರೂ ಮನೆ ಬಿಟ್ಟುಕೊಡಬೇಡಿ. ನಕ್ಷೆಯಲ್ಲಿ ಸಪಾಟು ಸ್ಲ್ಯಾಬು ಇದ್ದರೆ ಪಶ್ಚಿಮದ ಗೋಡೆಗೆ ಅಗಲವಾದ ಸಜ್ಜಾ ಕೇಳಿ. ಬಯಲುಸೀಮೆಯ ಮಳೆ ಮೇಲಿಂದ ಬೀಳುತ್ತದೆ, ನಮ್ಮ ಮಳೆ ಕಡಲಿನ ಕಡೆಯಿಂದ ಅಡ್ಡವಾಗಿ ಬರುತ್ತದೆ. ರಾಜ್ಯಕ್ಕೆಲ್ಲ ಒಂದೇ ನಕ್ಷೆ ಹಂಚುವವರಿಗೆ ಈ ವ್ಯತ್ಯಾಸ ನೆನಪಿರುವುದಿಲ್ಲ.

ಸ್ವಂತವಾಗಿ ಕಟ್ಟಿಕೊಳ್ಳುವವರಿಗೆ ಬೇರೆ ತೊಡಕು. ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತೆಂಬ ಉತ್ಸಾಹದಲ್ಲಿ ಕಾಮಗಾರಿ ಆದೇಶ ಕೈಸೇರುವ ಮೊದಲೇ ತಳಪಾಯ ಹಾಕಬೇಡಿ. ಖಾಲಿ ಜಾಗ ಅಥವಾ ಹಳೆಯ ಗುಡಿಸಲಿನ ಫೋಟೋ ಇಲ್ಲದೆ ಹಂತಗಳ ಸರಣಿ ಶುರುವಾಗುವುದೇ ಇಲ್ಲ. ಹಾಗೆಂದು ಆದೇಶ ಬಂದ ಮೇಲೆ ಮಲಗಿಸಿಟ್ಟರೆ ಮನೆ ‘ಬ್ಲಾಕ್’ ಆಗುತ್ತದೆ. ಬಿಡಿಸಿಕೊಳ್ಳಲು ಮತ್ತೆ ಸಮಿತಿ, ಮತ್ತೆ ಪತ್ರ.

ನೀವು ಬರೆಯದಿದ್ದರೂ ನಾನು ಊಹಿಸಬಲ್ಲ ಇನ್ನೊಂದು ಸಂಗತಿ ಇದೆ. ಕಾರವಾರದ ಅಂಚಿನ ಕೇರಿ ಎಂದಮೇಲೆ ನಿಮ್ಮ ಕೆಲವು ಮನೆಗಳು ಖಾಡಿಗೋ ಕಡಲಿಗೋ ತಾಗಿರಬೇಕು. ಅವು ಸಿ.ಆರ್.ಝಡ್., ಅಂದರೆ ಕರಾವಳಿ ನಿಯಂತ್ರಣ ವಲಯದ ವ್ಯಾಪ್ತಿಗೆ ಬರುತ್ತವೆ. 2019ರ ಅಧಿಸೂಚನೆಯಂತೆ ಭರತದ ಪ್ರಭಾವ ಇರುವ ಖಾಡಿಯ ದಂಡೆಯಿಂದ 50 ಮೀಟರ್ ಅಥವಾ ಖಾಡಿಯ ಅಗಲ, ಇವೆರಡರಲ್ಲಿ ಕಡಿಮೆಯಾದಷ್ಟು ನೆಲ ಆ ವ್ಯಾಪ್ತಿಗೆ ಸೇರುತ್ತದೆ. ಆದರೆ ಸಿ.ಆರ್.ಝಡ್. ಎಂಬ ಮೂರು ಅಕ್ಷರ ಕೇಳಿದೊಡನೆ ಕೈಚೆಲ್ಲಬೇಡಿ. ನಿರ್ಮಾಣಕ್ಕೆ ಅವಕಾಶವಿರುವ ವಲಯದಲ್ಲಿ 300 ಚದರ ಮೀಟರಿನೊಳಗಿನ ಸ್ವಂತ ವಾಸದ ಮನೆಗೆ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು, ಕರಾವಳಿ ವಲಯ ಪ್ರಾಧಿಕಾರದ ಶಿಫಾರಸು ಬೇಡ. ನಿಮ್ಮ ಮನೆ ಅದರ ಹತ್ತನೇ ಒಂದು ಪಾಲು. ಕಾಂಡ್ಲಾ ಗಿಡಗಳಿರುವ ಜಾಗದಲ್ಲಿ ಮಾತ್ರ ಈ ಮಾತು ನಡೆಯುವುದಿಲ್ಲ.

ಇದರಿಂದಾಗಿಯೇ 58 ಮನೆಗಳನ್ನು ಒಂದೇ ಅರ್ಜಿಯಲ್ಲಿ ಕಟ್ಟಿ ಕೊಡಬೇಡಿ. ಒಂದು ತೊಡಕಿನ ಮನೆ ಉಳಿದೆಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಭೂಮಾಪಕರಿಂದ ಕೇರಿಯನ್ನು ಅಳೆಸಿ, ನಕ್ಷೆಯ ಮೇಲೆ ಪ್ರತಿ ಮನೆಗೆ ನಂಬರು ಹಾಕಿಸಿ. ಸರ್ಕಾರಿ ಕಂದಾಯ ನೆಲದಲ್ಲಿರುವವು ಒಂದು ಗುಂಪು, ಖಾಸಗಿ ನೆಲದಲ್ಲಿರುವವು ಇನ್ನೊಂದು, ಖಾಡಿಯ ದಂಡೆಯವು ಮತ್ತೊಂದು. ಮೊದಲ ಗುಂಪಿನ ಕಡತ ಮೊದಲು ಹೊರಡಲಿ. ಈ ವಿಂಗಡಣೆಯಲ್ಲಿ ಕೇರಿ ಒಡೆಯುವ ಭಯ ಇದ್ದೇ ಇದೆ. ನನ್ನ 46 ಮನೆಗಳ ಕೇರಿಯಲ್ಲಿ ದಂಡೆಯ ಮನೆಗಳವರು ಮೊದಲು ಸಿಟ್ಟಾದರು. ಆಮೇಲೆ ಹಕ್ಕುಪತ್ರ ಸಿಕ್ಕವರೇ ಅವರಿಗಾಗಿ ಬದಲಿ ನಿವೇಶನ ಕೇಳಿ ಕೌನ್ಸಿಲ್ಲಿಗೆ ಹೋದರು. ಅಜ್ಜಿಯ ಮನೆ ಆ ಸಾಲಿನದೇ. ಅವರಿಗೆ ಸಿಕ್ಕ ನಿವೇಶನ ಪೇಟೆಯಿಂದ ನಾಲ್ಕು ಕಿಲೋಮೀಟರ್ ದೂರ, ಗುಡ್ಡದ ಬುಡದಲ್ಲಿ. ಮೀನು ಮಾರುವ ಮಗಳು ಬೆಳಗಿನ ಐದು ಗಂಟೆಗೆ ಬಂದರಿಗೆ ಹೋಗಲು ಬಸ್ಸಿಲ್ಲವೆಂದು ಅವರು ಅದನ್ನು ಒಪ್ಪಲಿಲ್ಲ. ಬದಲಿ ನಿವೇಶನದ ಮಾತು ನಿಮ್ಮಲ್ಲಿ ಬಂದರೆ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಬೆಳಗ್ಗೆ ಅಲ್ಲಿಂದ ಧಕ್ಕೆಗೆ ನಡೆದು ನೋಡಿ.